ಎರಡು ಹೆಸರಿದ್ದರೆ ಇಬ್ಬರೂ ದುಡ್ಡು ತೆಗೀಬಹುದು ಅಂತ ಯಾರು ಹೇಳಿದ್ದು?

ನಿನ್ನೆಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಗುರ ಮಾಡಿಕೊಳ್ಳುತ್ತೇನೆ. ಉದ್ದ ಆಗುತ್ತೆ, ಓದೋಕೆ ಪುರುಸೊತ್ತಿಲ್ಲದವರು ಈಗಲೇ ಮುಂದೆ ಹೋಗಿ.

ನಾನು ಬ್ಯಾಂಕ್ ಕೌಂಟರಿನ ಆ ಕಡೆ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು ಅಂತ ನಿಮಗೆಲ್ಲ ಗೊತ್ತು. ರಿಟೈರ್ ಆದಮೇಲೂ ವಿದ್ಯಾನಗರದ ನಮ್ಮ ಬೀದಿಯವರಿಗೆ ನಾನು ಇನ್ನೂ 'ಬ್ಯಾಂಕ್ ಸಾರ್'. ಚಲನ್ ತುಂಬಿಸೋದರಿಂದ ಹಿಡಿದು ಗಂಡ ಹೆಂಡತಿ ಜಗಳದವರೆಗೆ ಎಲ್ಲ ನಮ್ಮ ಮನೆ ಜಗಲಿಗೇ ಬರುತ್ತೆ. ಬರಲಿ, ಬೇಜಾರಿಲ್ಲ. ಸಿಟ್ಟು ಬರೋದು ಒಂದೇ ವಿಷಯಕ್ಕೆ. ಜಂಟಿ ಖಾತೆ ಮಾಡಿಸೋ ಜನ ತಮ್ಮ ಹೆಸರು ಸರಿಯಾಗಿ ಬಿದ್ದಿದೆಯಾ ಅಂತ ಕನ್ನಡಕ ಹಾಕಿಕೊಂಡು ನೋಡುತ್ತಾರೆ. ಅಲ್ಲೇ ಹತ್ತಿರ 'ಮೋಡ್ ಆಫ್ ಆಪರೇಷನ್' ಅಂತ ಒಂದು ಸಾಲು ಇರುತ್ತೆ. ಅದನ್ನ ಯಾರೂ ಓದಲ್ಲ. ದುಡ್ಡು ಯಾರು ತೆಗೀಬಹುದು, ಯಾವಾಗ ತೆಗೀಬಹುದು ಅನ್ನೋದು ಇರೋದೇ ಆ ಸಾಲಲ್ಲಿ!

ನಮ್ಮ ಪಕ್ಕದ ಮನೆ ಮೇಷ್ಟ್ರಿಗೆ ಹೋದ ವಾರ ಸ್ಟ್ರೋಕ್ ಆಯಿತು. ಬಲಗೈ ಬಲಗಾಲು ಬಿದ್ದುಹೋಗಿದೆ. ಮಾತು ತೊದಲುತ್ತೆ, ಆದರೆ ಬುದ್ಧಿ ಚುರುಕಾಗೇ ಇದೆ. ಆಸ್ಪತ್ರೆಯವರು ಅಡ್ವಾನ್ಸ್ ಕಟ್ಟಿ ಅಂದರು. ಉಳಿತಾಯ ಖಾತೆಯಲ್ಲಿದ್ದದ್ದನ್ನ ಅಕ್ಕ (ಅವರ ಹೆಂಡತಿ, ನಾನು ಅಕ್ಕ ಅಂತಲೇ ಕರೆಯೋದು) ಎಟಿಎಂನಲ್ಲಿ ತೆಗೆದು ಕಟ್ಟಿದರು. ಅದು ಸಾಲಲಿಲ್ಲ. ಆರು ಲಕ್ಷದ ಎಫ್‌ಡಿ ಇದೆಯಲ್ಲ, ಇಬ್ಬರ ಹೆಸರಲ್ಲೂ ಇದೆ, ಮುರಿಸಿಬಿಡೋಣ ಅಂತ ರಸೀದಿ ಹಿಡಿದು ಬ್ಯಾಂಕಿಗೆ ಹೊರಟರು. ನಾನೂ ಜೊತೆಗೆ ಹೋದೆ.

ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿದ. "ಯಜಮಾನ್ರು ಬಂದು ಸೈನ್ ಹಾಕ್ಬೇಕಮ್ಮ."

"ಅವರು ಆಸ್ಪತ್ರೇಲಿದಾರಪ್ಪ. ನನ್ನ ಹೆಸರೂ ಇದೆಯಲ್ಲ, ನೋಡು."

"ಹಂಗೆಲ್ಲ ಆಗಲ್ಲಮ್ಮ. ನೆಕ್ಸ್ಟ್."

ಅಷ್ಟೇ. ಯಾಕೆ ಆಗಲ್ಲ, ಹಾಗಾದರೆ ಏನು ಮಾಡಬೇಕು, ಒಂದು ಮಾತಿಲ್ಲ. ಅಕ್ಕನ ಮುಖ ನೋಡೋಕಾಗಲಿಲ್ಲ. ಉಳಿತಾಯ ಖಾತೆಯಲ್ಲಿ ಆಗುತ್ತೆ, ಎಫ್‌ಡಿಯಲ್ಲಿ ಆಗಲ್ಲ ಅಂದರೆ ಏನರ್ಥ ಅಂತ ನನ್ನನ್ನೇ ಕೇಳಿದರು. ಎರಡರಲ್ಲೂ ಅವೇ ಎರಡು ಹೆಸರು, ಅದೇ ಬ್ಯಾಂಕು.

ರಸೀದಿ ಈಸಿಕೊಂಡು ನೋಡಿದೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಇದ್ದದ್ದು 'ಐದರ್ ಆರ್ ಸರ್ವೈವರ್', ಅಂದರೆ ಇಬ್ಬರಲ್ಲಿ ಯಾರಾದರೂ, ಒಬ್ಬರು ಹೋದರೆ ಉಳಿದವರು. ಅದಕ್ಕೇ ಅಕ್ಕನಿಗೆ ಎಟಿಎಂ ಕಾರ್ಡೂ ಸಿಕ್ಕಿತ್ತು, ದುಡ್ಡೂ ಬಂತು. ಎಫ್‌ಡಿ ರಸೀದಿಯಲ್ಲಿ ಇದ್ದದ್ದು 'ಫಾರ್ಮರ್ ಆರ್ ಸರ್ವೈವರ್'. ಅಂದರೆ ಮೊದಲ ಹೆಸರಿನವರು ಬದುಕಿರೋತನಕ ಅವರೊಬ್ಬರದೇ ನಡೆಯೋದು, ಅವರ ಕಾಲಾನಂತರ ಎರಡನೆಯವರದು. ಮೊದಲ ಹೆಸರು ಮೇಷ್ಟ್ರದು. ಯಾಕೆ ಮೊದಲು ಅವರದು? ಅವರಿಗೆ ಅರವತ್ತು ದಾಟಿದೆ, ಅಕ್ಕನಿಗೆ ಇನ್ನೂ ಇಲ್ಲ. ಹಿರಿಯ ನಾಗರಿಕರಿಗೆ ಸಿಗೋ ಆ ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿಗೆ ಬ್ಯಾಂಕು ನೋಡೋದು ಮೊದಲ ಹೆಸರಿನವರ ವಯಸ್ಸನ್ನ. ಬಡ್ಡಿ ಲೆಕ್ಕ ಸರಿಯಾಗೇ ಹಾಕಿದ್ದಾರೆ. ಹೆಸರಿನ ಕ್ರಮದ ಜೊತೆಗೆ ಫಾರಂನಲ್ಲಿ ಯಾವ ಚೌಕಕ್ಕೆ ಟಿಕ್ ಬಿತ್ತು ಅನ್ನೋದನ್ನ ಮಾತ್ರ ಯಾರೂ ನೋಡಿಲ್ಲ. ಪೆನ್ಸಿಲ್ಲಿನಲ್ಲಿ ಇಂಟು ಗುರುತು ಹಾಕಿ 'ಇಲ್ಲಿ, ಇಲ್ಲಿ, ಇಲ್ಲಿ' ಅಂತ ತೋರಿಸಿದ ಕಡೆ ಸಹಿ ಹಾಕಿ ಬಂದಿದ್ದಾರೆ. ಟಿಕ್ ಹಾಕಿದವರು ಯಾರೋ, ದೇವರಿಗೇ ಗೊತ್ತು.

ಇಲ್ಲಿ ಜಾಣರೊಬ್ಬರು ಹೇಳಬಹುದು, ಹಾಗಾದರೆ ಎಫ್‌ಡಿಗೂ 'ಯಾರಾದರೂ' ಅಂತ ಹಾಕಿಸಿದ್ದರೆ ಮುಗೀತಿತ್ತಲ್ಲ ಅಂತ. ಇಲ್ಲ ಸ್ವಾಮಿ, ಮುಗೀತಿರಲಿಲ್ಲ. ತುಂಬಾ ಜನ ಎಡವೋದು ಇಲ್ಲೇ. ಎಫ್‌ಡಿಯಲ್ಲಿ 'ಯಾರಾದರೂ' ಅನ್ನೋ ಮಾತು ನಡೆಯೋದು ಅವಧಿ ಮುಗಿದ ಮೇಲೆ. ಮೆಚ್ಯೂರಿಟಿ ದಿನ ಬಂದ ಮೇಲೆ ಒಬ್ಬರೇ ಸಹಿ ಹಾಕಿ ತಗೊಂಡು ಹೋಗಬಹುದು. ಅವಧಿಗೆ ಮುಂಚೆ ಮುರಿಸಬೇಕು ಅಂದರೆ, ಇಬ್ಬರೂ ಬದುಕಿದ್ದಾಗ, ಇಬ್ಬರ ಸಹಿಯೂ ಬೇಕು. ರಿಸರ್ವ್ ಬ್ಯಾಂಕು 2012ರಲ್ಲೇ ಇದನ್ನ ಬಿಡಿಸಿ ಹೇಳಿದೆ. 'ಫಾರ್ಮರ್' ಎಫ್‌ಡಿಗೂ ಅದೇ ಮಾತು. ಅಂದರೆ ಮೇಷ್ಟ್ರು ಗಟ್ಟಿಮುಟ್ಟಾಗಿ ನಡೆದುಕೊಂಡು ಬಂದಿದ್ದರೂ ಅವರೊಬ್ಬರ ಸಹಿಗೆ ಅವಧಿಗೆ ಮುಂಚೆ ಮುರಿಯುತ್ತಿರಲಿಲ್ಲ, ಅಕ್ಕನೂ ಸಹಿ ಹಾಕಬೇಕಿತ್ತು. ಎಫ್‌ಡಿ ಮೇಲೆ ಸಾಲ ತಗೊಳ್ಳೋಣ ಅಂದರೆ ಅದಕ್ಕೂ ಇಬ್ಬರ ಸಹಿ.

ಹಾಗಾಗಿ ಆ ಹುಡುಗ 'ಆಗಲ್ಲ' ಅಂದದ್ದು ಅರ್ಧ ಸರಿ. ನನಗೆ ಉರಿ ಹತ್ತಿದ್ದು ಉಳಿದರ್ಧಕ್ಕೆ. ಸಹಿ ಹಾಕೋಕಾಗದ ಕಾಯಿಲೆಯವರಿಗೆ ದಾರಿ ಇದೆ, ಅದೂ ರಿಸರ್ವ್ ಬ್ಯಾಂಕೇ ಹೇಳಿದ ದಾರಿ. ಹೆಬ್ಬೆಟ್ಟು ಒತ್ತಬಹುದು. ಕೈಬೆರಳೇ ಆಗದಿದ್ದರೆ ಕಾಲಿನ ಹೆಬ್ಬೆರಳೂ ನಡೆಯುತ್ತೆ. ಬ್ಯಾಂಕಿಗೆ ಪರಿಚಯ ಇರೋ ಇಬ್ಬರು ಸಾಕ್ಷಿ ಗುರುತಿಸಬೇಕು, ಅದರಲ್ಲಿ ಒಬ್ಬರು ಜವಾಬ್ದಾರಿ ಇರೋ ಬ್ಯಾಂಕ್ ಅಧಿಕಾರಿ ಆಗಿರಬೇಕು. ಇದು ನಾನು ಮನೇಲಿ ಕೂತು ಕಟ್ಟಿದ ಕಥೆ ಅಲ್ಲ. ನಾನೇ ಸ್ಟಾಂಪ್ ಪ್ಯಾಡ್ ಜೇಬಲ್ಲಿಟ್ಟುಕೊಂಡು ಆಸ್ಪತ್ರೆ ವಾರ್ಡುಗಳಿಗೆ ಹೋಗಿದ್ದೇನೆ.

ಮ್ಯಾನೇಜರ್ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹೊಸದಾಗಿ ಬಂದಿರೋರು. ವಿಷಯ ಕೇಳಿದ ಕೂಡಲೇ ಮೊದಲು ಖಾತೆ ತೆರೆದ ಫಾರಂ ತರಿಸಿದರು. ನನಗೆ ಅದೇ ಖುಷಿ ಆಯಿತು. ಕಂಪ್ಯೂಟರಿನಲ್ಲಿ ಇರೋದೂ ಫಾರಂನಲ್ಲಿ ಇರೋದೂ ಒಂದೇನಾ ಅಂತ ಹೋಲಿಸಿ ನೋಡಬೇಕು, ಯಾಕೆಂದರೆ ಖಾತೆದಾರರು ಸಹಿ ಹಾಕಿರೋದು ಫಾರಂಗೆ. ಎಂಟ್ರಿ ಮಾಡುವಾಗ ಯಾರದೋ ಕೈ ತಪ್ಪಿ ಬೇರೆ ಕೋಡ್ ಬಿದ್ದಿರೋದೂ ಉಂಟು. ಇಲ್ಲಿ ಎರಡೂ ಒಂದೇ ಇತ್ತು. ಸಂಜೆ ನಾಲ್ಕೂವರೆಗೆ ಒಬ್ಬ ಅಧಿಕಾರಿಯನ್ನ ಆಸ್ಪತ್ರೆಗೆ ಕಳಿಸಿದರು. ಅವರು ಮೇಷ್ಟ್ರ ಕಿವಿ ಹತ್ತಿರ ಬಗ್ಗಿ, ಎಫ್‌ಡಿ ಎಷ್ಟರದ್ದು, ಯಾಕೆ ಮುರಿಸ್ತಿದ್ದೀರಿ, ದುಡ್ಡು ಎಲ್ಲಿಗೆ ಹೋಗಬೇಕು ಅಂತ ಒಂದೊಂದಾಗಿ ಕೇಳಿದರು. ಮೇಷ್ಟ್ರು ತೊದಲುತ್ತಲೇ ಉತ್ತರ ಕೊಟ್ಟರು. ಎಡಗೈ ಹೆಬ್ಬೆಟ್ಟು ಒತ್ತಿದರು, ಅಕ್ಕ ಸಹಿ ಹಾಕಿದರು. ಸಾಕ್ಷಿ ಒಂದು ಆ ಅಧಿಕಾರಿ, ಇನ್ನೊಂದು ನಾನು. ದುಡ್ಡು ಇಬ್ಬರ ಉಳಿತಾಯ ಖಾತೆಗೇ ಜಮಾ ಆಯಿತು. ಎಷ್ಟು ಕಾಲ ಇಟ್ಟಿದ್ದರೋ ಆ ಅವಧಿಯ ದರದಲ್ಲಿ ಬಡ್ಡಿ, ಅದರಲ್ಲೂ ದಂಡ ಅಂತ ಸ್ವಲ್ಪ ಕಡಿತ. ಇರಲಿ ಬಿಡಿ.

ಮೇಷ್ಟ್ರಿಗೆ ಪ್ರಜ್ಞೆ ಇತ್ತು ಅನ್ನೋದೇ ಪುಣ್ಯ. ಕೇಳಿದ್ದು ಅರ್ಥ ಆಗದ ಸ್ಥಿತಿಯಲ್ಲಿ ಇದ್ದಿದ್ದರೆ ಹೆಬ್ಬೆಟ್ಟಿಗೆ ಬೆಲೆ ಇಲ್ಲ, ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತಿತ್ತು.

ಇನ್ನೊಂದು ಇದೆ, ಹೇಳೋಕೆ ಕಷ್ಟ, ಆದರೂ ಹೇಳಿಬಿಡುತ್ತೇನೆ. ಅವಧಿ ಮುಗಿಯೋ ಮುಂಚೆ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ? 'ಸರ್ವೈವರ್' ಅಂತ ಬರೆದಿದೆ, ಉಳಿದವರಿಗೆ ಕೊಟ್ಟುಬಿಡುತ್ತಾರೆ ಅಂತ ನೀವು ಅಂದುಕೊಳ್ಳುತ್ತೀರಿ. ಮೆಚ್ಯೂರಿಟಿಗೆ ಕಾದರೆ ಕೊಡುತ್ತಾರೆ. ನಡುವೆ ಬೇಕು ಅಂದರೆ ತೀರಿಕೊಂಡವರ ವಾರಸುದಾರರ ಒಪ್ಪಿಗೆಯೂ ಬೇಕು. ಮಗ ಬೆಂಗಳೂರು, ಮಗಳು ಅಮೆರಿಕ, ಎಲ್ಲರ ಸಹಿ ಹೊಂದಿಸಿ. ಇದನ್ನ ತಪ್ಪಿಸೋಕೆ ಒಂದು ಸಾಲಿನ ಮ್ಯಾಂಡೇಟ್ ಇದೆ: ಒಬ್ಬರು ತೀರಿಕೊಂಡರೆ ಉಳಿದವರು ಒಬ್ಬರೇ ಅವಧಿಗೆ ಮುಂಚೆ ಹಣ ತೆಗೆಯಬಹುದು ಅಂತ ಇಬ್ಬರೂ ಸೇರಿ ಬರೆದುಕೊಡೋದು. ಎಫ್‌ಡಿ ಇಡುವಾಗಲೇ ಕೊಡಬಹುದು, ಆಮೇಲೆ ಅವಧಿಯೊಳಗೆ ಯಾವಾಗ ಬೇಕಾದರೂ ಕೊಡಬಹುದು. ಕೆಲವು ಬ್ಯಾಂಕಿನ ಫಾರಂನಲ್ಲಿ ಇದಕ್ಕೆ ಅಂತಲೇ ಒಂದು ಚೌಕ ಇರುತ್ತೆ. ಖಾಲಿ ಬಿಟ್ಟಿರುತ್ತಾರೆ.

'ನಾಮಿನಿ ಇದೆಯಲ್ಲ ಸಾರ್' ಅನ್ನೋರಿಗೆ ಒಂದೇ ಮಾತು. ಜಂಟಿ ಖಾತೆಯಲ್ಲಿ ನಾಮಿನಿಯ ಸರದಿ ಬರೋದು ಖಾತೆದಾರರೆಲ್ಲ ಹೋದ ಮೇಲೆ. ಅಲ್ಲಿಯತನಕ ಆ ಹೆಸರು ಸುಮ್ನೆ ಕೂತಿರುತ್ತೆ.

'ಗಂಡ ಹೆಂಡತಿ ನಡುವೆ ಇದೆಲ್ಲ ಯಾಕೆ, ನಂಬಿಕೆ ಸಾಲದಾ' ಅಂತ ನಮ್ಮ ಬಾವನವರು ಫೋನಲ್ಲಿ ಪಾಠ ಮಾಡಿದರು. ಒಳ್ಳೇ ಮಾತು. ಮೇಷ್ಟ್ರಿಗೂ ಅಕ್ಕನಿಗೂ ನಂಬಿಕೆಗೇನು ಬರ ಇರಲಿಲ್ಲ. ಕೌಂಟರಿನಲ್ಲಿ ನಂಬಿಕೆ ಜಮಾ ಆಗಲ್ಲ ಬಾವ, ಅಲ್ಲಿ ನೋಡೋದು ಆ ಸಾಲನ್ನ.

ನಂಬಿಕೆ ಅಂದಾಗ ನನ್ನದೂ ಹೇಳಿಬಿಡುತ್ತೇನೆ. ಚನ್ನಗಿರಿ ಕಡೆಯ ನಮ್ಮ ಅಪ್ಪನ ಅಡಿಕೆ ತೋಟ ಮಾರಿದಾಗ ಅಣ್ಣತಮ್ಮಂದಿರು ಮೂವರೂ ಸೇರಿ ಒಂದು ಖಾತೆ ತೆರೆದೆವು. 'ಮೂವರೂ ಸಹಿ ಹಾಕಿದರೇ ದುಡ್ಡು' ಅಂತ ಹಟ ಹಿಡಿದವನು ನಾನು. ಬ್ಯಾಂಕಿನ ಶಿಸ್ತು, ಅದು ಇದು ಅಂತ ಏನೇನೋ ಹೇಳಿದೆ. ನಿಜ ಏನೆಂದರೆ ನನಗೆ ಸಣ್ಣ ತಮ್ಮನ ಮೇಲೆ ಭರವಸೆ ಇರಲಿಲ್ಲ. ಅವನು ಈ ಬರಹ ಓದುತ್ತಾನೆ, ಓದಲಿ. ಆದರೆ 'ಜಂಟಿಯಾಗಿ' ಅಂತ ಬರೀ ಅಷ್ಟೇ ಹಾಕಿಸಲಿಲ್ಲ. ಬರೀ 'ಜಂಟಿಯಾಗಿ' ಅಂತ ಇದ್ದರೆ ಒಬ್ಬ ಹೋದ ದಿನ ಖಾತೆ ಅಲ್ಲೇ ನಿಲ್ಲುತ್ತೆ, ಉಳಿದವರ ಜೊತೆ ಹೋದವನ ವಾರಸುದಾರರೂ ಬಂದು ಸಹಿ ಹಾಕಬೇಕು. ಅದಕ್ಕೆ 'ಜಂಟಿಯಾಗಿ ಅಥವಾ ಉಳಿದವರು' ಅಂತ ಬರೆಸಿದೆ. ಜೊತೆಗೆ, ಉಳಿದವರ ಕೈಗೆ ದುಡ್ಡು ಬಂತು ಅಂದ ಮಾತ್ರಕ್ಕೆ ಅದು ಅವರದೇ ಆಗಲ್ಲ ಅಂತ ತಮ್ಮನಿಗೂ ಬಿಡಿಸಿ ಹೇಳಿದ್ದೇನೆ. ಬ್ಯಾಂಕು ಕೊಟ್ಟು ಕೈ ತೊಳೆದುಕೊಳ್ಳುತ್ತೆ, ವಾರಸುದಾರರ ಹಕ್ಕು ಹಾಗೇ ಇರುತ್ತೆ.

ನಿಮ್ಮ ಸಾಲು ಬದಲಾಯಿಸಬೇಕು ಅಂದರೆ ಎಲ್ಲ ಖಾತೆದಾರರೂ ಸಹಿ ಹಾಕಿ ಪತ್ರ ಕೊಡಬೇಕು. ಎಲ್ಲರ ಕೈ ಆಡುತ್ತಿರುವಾಗಲೇ ಆಗೋ ಕೆಲಸ ಅದು. ಕೊಟ್ಟ ಪತ್ರದ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ವಾರ ಬಿಟ್ಟು ಹೋಗಿ ರಸೀದಿಯಲ್ಲೂ ಕಂಪ್ಯೂಟರಿನಲ್ಲೂ ಬದಲಾಗಿದೆಯಾ ಅಂತ ಕೇಳಿ. 'ಆಗಿದೆ ಹೋಗಿ' ಅಂದರೆ ಹೋಗಬೇಡಿ, ಪ್ರಿಂಟ್ ತೋರಿಸಿ ಅನ್ನಿ.

ಮತ್ತೆ, 'ನಮ್ದು ಯಾವುದು ಅಂತ ನೋಡಿ ಹೇಳಿ ಸಾರ್' ಅಂತ ಕಮೆಂಟಿನಲ್ಲಿ ಪಾಸ್‌ಬುಕ್ ಫೋಟೋ ಹಾಕೋಕೆ ಹೋಗಬೇಡಿ. ಖಾತೆ ನಂಬರು ಊರಿಗೆಲ್ಲ ಕಾಣುತ್ತೆ. ಹೋದ ಸಲ ಪೆನ್ಷನ್ ಬಗ್ಗೆ ಬರೆದಾಗ ಒಬ್ಬರು ಆಧಾರ್ ಕಾರ್ಡೇ ಹಾಕಿದ್ದರು, ಎರಡೂ ಕಡೆದು.