ಅಜ್ಜಿ ಬಾಯಿ ಮುಚ್ಚಿದರೂ ಹಿಂದಿ ನಿಲ್ಲಲಿಲ್ಲ

ಶಿರಸಿ ಕಡೆಯ ಅಜ್ಜಿಯೊಬ್ಬರು ತೊಡೆದೇವು ಅನ್ನುವ ಸಿಹಿತಿಂಡಿ ಮಾಡುವ ವಿಡಿಯೋ ಒಂದಕ್ಕೆ ಹಿಂದಿ ಡಬ್ಬಿಂಗ್ ಆಗಿದೆ. ಈಗಷ್ಟೇ ನೋಡಿದೆ, ಸಿಟ್ಟು ಇನ್ನೂ ಇಳಿದಿಲ್ಲ. ಅಜ್ಜಿ ಮಾತು ಮುಗಿಸಿ ಬಾಯಿ ಮುಚ್ಚಿದ್ದಾರೆ, ಹಿಂದಿ ಮಾತ್ರ ಓಡ್ತಾನೇ ಇದೆ. ದನಿ ಕೊಟ್ಟವರು ಪಾಪ ಉಸಿರು ಬಿಡದೆ ಓದಿದ್ದಾರೆ. ತಪ್ಪು ಅವರದ್ದಲ್ಲ. ಸಬ್‌ಟೈಟಲ್ ಅನುವಾದ ಮಾಡಿ ಅದನ್ನೇ ಸ್ಕ್ರಿಪ್ಟ್ ಅಂತ ಕೊಟ್ಟವರದ್ದು. ಡಬ್ಬಿಂಗ್ ಸ್ಕ್ರಿಪ್ಟ್ ಬರೆಯುವ ನಮಗೂ ಹೀಗೇ ಹೇಳ್ತಾರೆ: "ನೀವು ಅರ್ಥ ಬರೆದು ಕೊಡಿ, ಉಳಿದದ್ದು ಮೈಕ್ ಮುಂದೆ ಅಡ್ಜಸ್ಟ್ ಆಗುತ್ತೆ." ಆಗಲ್ಲ.

ಒಂದು ಸಾಲು ನೋಡಿ. ಬೋರಲು ಹಾಕಿದ ಮಡಕೆ ಕಾದಿದೆ. ಹಿಟ್ಟಿನ ಪಾತ್ರೆ ಪಕ್ಕದಲ್ಲಿದೆ. ಅಜ್ಜಿ ಕ್ಯಾಮೆರಾ ಕಡೆ ತಿರುಗಿ ಹೇಳ್ತಾರೆ: "ಬಟ್ಟೆ ಅದ್ದಿ, ಒಂದೇ ಸಲ ಎಳೀಬೇಕು." ನಾಲ್ಕು ಅಕ್ಷರ, ಸಣ್ಣ ತಡೆ, ಮತ್ತೆ ಎಂಟು ಅಕ್ಷರ. ಡಬ್ ಆದದ್ದು ಹೀಗೆ: "ಕಪಡೇ ಕೋ ಘೋಲ್ ಮೇಂ ಡುಬೋಕರ್ ಏಕ್ ಹೀ ಬಾರ್ ಮೇಂ ಖೀಂಚನಾ ಚಾಹಿಏ." ಅರ್ಥ ಸರಿ ಇದೆ. ಆದರೆ ಉದ್ದ ಜಾಸ್ತಿ, ನಡುವಿನ ತಡೆಯೂ ಹೋಯಿತು.

ಉದ್ದಕ್ಕಿಂತ ಕಣ್ಣಿಗೆ ಚುಚ್ಚುವುದು ತುಟಿ. ಪ, ಬ, ಭ, ಮ ಹೇಳಬೇಕಾದರೆ ಎರಡೂ ತುಟಿ ಕೂಡಲೇಬೇಕು. ಇವು ಒಂದರ ಜಾಗದಲ್ಲಿ ಇನ್ನೊಂದು ಬಂದರೆ ನೋಡುವವರಿಗೆ ಗೊತ್ತಾಗುವುದಿಲ್ಲ. ಅಜ್ಜಿಯ ಸಾಲಿನಲ್ಲಿ ತುಟಿ ಕೂಡುವುದು ಎರಡೇ ಕಡೆ: ಶುರುವಿನ 'ಬ', ಕೊನೆ ಹತ್ತಿರದ 'ಬೇ'. ಹಿಂದಿಯಲ್ಲೂ ಅಲ್ಲಿಯೇ ಕೂಡಬೇಕು, ನಡುವೆ ಕೂಡಬಾರದು.

ನಾನಾಗಿದ್ದರೆ ಹೀಗೆ ಬರೀತಿದ್ದೆ: "ಭಿಗೋ ಲಿಯಾ, ಔರ್ ಖೀಂಚ್ ದಿಯಾ ಏಕ್ ಹೀ ಬಾರ್." ಶುರುವಿಗೆ 'ಭಿ', ಕೊನೆಗೆ 'ಬಾರ್', ಮಧ್ಯೆ ಎಲ್ಲೂ ತುಟಿ ಕೂಡುವುದಿಲ್ಲ. 'ಒಂದೇ' ಅನ್ನುವಾಗ ದುಂಡಗಾಗುವ ಬಾಯಿಗೆ 'ಔರ್' ಕೂರುತ್ತದೆ. ಕೊನೆಯ 'ಕು' ಅಜ್ಜಿ ಅರ್ಧ ನುಂಗುತ್ತಾರೆ, 'ಬಾರ್' ಸ್ವಲ್ಪ ಎಳೆದರೆ ಸಾಕು. 'ಕಪಡಾ' ಬಿಟ್ಟದ್ದು ಬೇಕಂತಲೇ. ಬಟ್ಟೆ ಅವರ ಕೈಯಲ್ಲೇ ಕಾಣ್ತಿದೆಯಲ್ಲ, ಮತ್ತೆ ಹೇಳುವುದೇಕೆ? 'ಬೇಕು' ಅನ್ನುವ ಒತ್ತಾಯ ಹೋಯಿತು, ನಿಜ. ಅದನ್ನು 'ಏಕ್ ಹೀ' ಮೇಲೆ ಒತ್ತು ಕೊಟ್ಟು ದನಿಯಲ್ಲಿ ತರಬಹುದು.

ಮೊಬೈಲ್‌ನಲ್ಲಿ ನೋಡುವವರು ತುಟಿ ಯಾರು ನೋಡ್ತಾರೆ ಅಂತೀರಾ? ತುಟಿ ನೋಡ್ತಿದ್ದೇವೆ ಅಂತ ಅವರಿಗೂ ಗೊತ್ತಿರುವುದಿಲ್ಲ. ಏನೋ ಸರಿಯಿಲ್ಲ ಅನ್ನಿಸುತ್ತದೆ, ಮುಂದೆ ಹೋಗ್ತಾರೆ. ಅಷ್ಟು ಚಂದದ ಅಜ್ಜಿ ಸುಳ್ಳು ಹೇಳಿದ ಹಾಗೆ ಕಾಣ್ತಾರೆ. ನನಗೆ ಸಂಕಟ ಆಗೋದು ಅದಕ್ಕೇ.

ಇಡೀ ವಿಡಿಯೋಗೆ ಇಷ್ಟು ಕಷ್ಟಪಡಬೇಕಾಗಿಯೂ ಇಲ್ಲ. ಕೈ, ಮಡಕೆ, ಬೆಂಕಿ ಮಾತ್ರ ಕಾಣುವ ಶಾಟ್‌ನಲ್ಲಿ ಉದ್ದ ಸರಿಹೋದರೆ ಸಾಕು, ತುಟಿಯ ಹಂಗಿಲ್ಲ. ಅರ್ಥ ಪೂರ್ತಿ ಹೇಳಬೇಕಾದ ಕಡೆ ಆ ಜಾಗ ಬಳಸಿಕೊಳ್ಳಬಹುದು. ಮುಖ ಹತ್ತಿರದಿಂದ ಕಾಣುವ ಸಾಲುಗಳಿಗೆ ಮಾತ್ರ ವಿಡಿಯೋ ನಿಧಾನ ಮಾಡಿ ತುಟಿ ಕೂಡುವ ಜಾಗ ಗುರುತು ಹಾಕಬೇಕು. ಆಮೇಲೆ ಮೂಲ ದನಿ ಮ್ಯೂಟ್ ಮಾಡಿ, ಬರೆದದ್ದನ್ನು ಚಿತ್ರದ ಜೊತೆ ಜೋರಾಗಿ ಹೇಳಿ ನೋಡಬೇಕು. ಮನಸ್ಸಿನಲ್ಲೇ ಓದಿದರೆ ಎಲ್ಲ ಸಾಲೂ ಕೂತ ಹಾಗೇ ಅನ್ನಿಸುತ್ತದೆ.

ಇದೆಲ್ಲ ಮಾಡೋಕೆ ವಿಡಿಯೋ ಬೇಕಲ್ವಾ? ಬರೀ ಸಬ್‌ಟೈಟಲ್ ಫೈಲ್ ಕಳಿಸಿ ಸ್ಕ್ರಿಪ್ಟ್ ಕೇಳುವವರ ಕೆಲಸ ಇನ್ನು ಮುಂದೆ ನಾನು ಹಿಡಿಯುವುದಿಲ್ಲ.