ಡ್ರಮ್ಮರ್ ಓಡಿದ, ಎಕೋ ಓಡಲಿಲ್ಲ

ಗಿಟಾರ್ ಕೆಳಗಿಡುವಷ್ಟರಲ್ಲಿ ಯಾರಾದರೂ ಬಂದು "ಏನ್ ಸ್ಪೀಡ್ ರೀ ನಿಮ್ಮ ಬೆರಳು!" ಅಂದುಬಿಡುತ್ತಾರೆ. ಹೌದು ಅಂದರೆ ಸುಳ್ಳು, ಇಲ್ಲ ಅಂದರೆ ವಿನಯ ಅಂದುಕೊಳ್ಳುತ್ತಾರೆ. ನಾನು ನುಡಿಸಿದ್ದು ಹೊಸಬರೂ ನುಡಿಸಬಹುದಾದ ನಾಲ್ಕು ಸ್ವರ. ಉಳಿದರ್ಧ ನುಡಿಸಿದ್ದು ಕಾಲಬಳಿ ಬಿದ್ದಿರುವ ಡಿಲೇ ಪೆಡಲ್, ನುಡಿಸಿದ್ದನ್ನೇ ಸ್ವಲ್ಪ ತಡವಾಗಿ ಎಕೋ ಮಾಡಿ ಕೇಳಿಸುವ ಡಬ್ಬಿ. ಅದನ್ನು ಯಾರೂ ಹೊಗಳುವುದಿಲ್ಲ.

ಆ ತಡವನ್ನು ಮುಕ್ಕಾಲು ಬೀಟಿಗೆ ಇಡುವುದಕ್ಕೆ ಡಾಟೆಡ್ ಏಯ್ತ್ ಅನ್ನುತ್ತಾರೆ, ಜನ ಅದನ್ನು ದೊಡ್ಡ ಗುಟ್ಟು ಅಂದುಕೊಳ್ಳುತ್ತಾರೆ. ಒಂದು ಬೀಟನ್ನು ತಕಧಿಮಿ ಅಂತ ನಾಲ್ಕು ಮಾಡಿಕೊಳ್ಳಿ. ನಾನು ನುಡಿಸುವುದು ತ ಮತ್ತು ಧಿ ಮೇಲೆ ಮಾತ್ರ. ಎಕೋ ಬರುವುದು ಮೂರು ಅಕ್ಷರ ಕಳೆದ ಮೇಲೆ. ಹಾಗಾಗಿ ಅದು ಯಾವಾಗಲೂ ನಾನು ಬಿಟ್ಟ ಕ ಮತ್ತು ಮಿ ಮೇಲೇ ಬೀಳುತ್ತದೆ. ನಾನು ಸ ಗ ಪ ಸ ಅಂತ ನೇರವಾಗಿ ಹತ್ತುತ್ತಾ ಹೋದರೆ ಗ ಆದ ಮೇಲೆ ಹಳೇ ಸ ಕೇಳುತ್ತದೆ, ಪ ಆದ ಮೇಲೆ ಹಳೇ ಗ. ಹತ್ತುವ ಸಾಲು ಹಿಂದೆಮುಂದೆ ಹೆಣೆದುಕೊಂಡು ಮಿನುಗಲು ಶುರು. ಅದೇ ಡಿಲೇಯನ್ನು ಪೂರ್ತಿ ಒಂದು ಬೀಟಿಗೆ ಇಟ್ಟು ನೋಡಿ, ಎಕೋ ಬಂದು ಹೊಸ ಸ್ವರದ ತಲೆ ಮೇಲೇ ಕೂರುತ್ತದೆ. ಇದೆಯೋ ಇಲ್ಲವೋ ಅನ್ನುವುದೂ ಸರಿಯಾಗಿ ಗೊತ್ತಾಗಲ್ಲ.

ಇದೆಲ್ಲ ಸರಿ, ನಮ್ಮ ಡ್ರಮ್ಮರ್ ಒಬ್ಬನನ್ನು ಬಿಟ್ಟು.

ನಿಮಿಷಕ್ಕೆ 120 ಬೀಟಿನ ಟೆಂಪೋದಲ್ಲಿ ಒಂದು ಬೀಟ್ ಅಂದರೆ 500 ಮಿಲಿಸೆಕೆಂಡ್, ಅದರ ಮುಕ್ಕಾಲು 375. ಪೆಡಲ್‌ಗೆ 375 ಅಂತ ಹೇಳಿದರೆ ಅದು 375ಕ್ಕೇ ನಿಲ್ಲುತ್ತದೆ, ಪಾಪ. ನಮ್ಮವನು ಕೋರಸ್ ಬಂದ ಕೂಡಲೇ ಖುಷಿಯಲ್ಲಿ 126ಕ್ಕೆ ಏರಿರುತ್ತಾನೆ. ಅಲ್ಲಿ ಬೇಕಾಗಿದ್ದು 357. ಹದಿನೆಂಟು ಮಿಲಿಸೆಕೆಂಡ್ ಏನು ಮಹಾ ಅನ್ನಬೇಡಿ, ಹೈ-ಹ್ಯಾಟ್ ಜೊತೆ ಒಂದೇ 'ಟಿಕ್' ಆಗಬೇಕಾದದ್ದು 'ಟಿಟಿಕ್' ಆಗುತ್ತದೆ. ಎರಡನೇ ಎಕೋ ಅದರ ಎರಡರಷ್ಟು ತಡ. ಕೇಳುವವರಿಗೆ ಇದ್ಯಾವುದೂ ಬಿಡಿಬಿಡಿಯಾಗಿ ಗೊತ್ತಾಗಲ್ಲ, ಗಿಟಾರಿನವನು ಕುಂಟುತ್ತಿದ್ದಾನೆ ಅಂತ ಮಾತ್ರ ಅನಿಸುತ್ತದೆ.

"ನಿನ್ನ ಮೆಷಿನ್ ಹಾಳಾಗಿದೆ" ಅಂದ ಅವನು.

"ಮೆಷಿನ್ ಒಂದೇ ಇಲ್ಲಿ ಸರಿಯಾಗಿರೋದು" ಅಂದೆ. ಅಲ್ಲಿಗೆ ಆ ದಿನದ ಪ್ರಾಕ್ಟೀಸ್ ಮುಗಿಯಿತು.

ಟ್ಯಾಪ್ ಬಟನ್ ಇದೆಯಲ್ಲಾ, ಕಾಲಲ್ಲಿ ಬೀಟ್ ಒತ್ತಿದರೆ ಮುಕ್ಕಾಲನ್ನು ಪೆಡಲೇ ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಒತ್ತುವುದು ಯಾವಾಗ? ಕೋರಸ್‌ಗೆ ಮುಂಚೆ ಡ್ರಮ್ಮರ್ ಬಾರಿಸುವ ಫಿಲ್‌ನಲ್ಲಿ ಒತ್ತಿದರೆ ಕೆಟ್ಟೆವು, ಅವನು ಅತಿ ಜೋರಾಗಿ ಓಡುವುದೇ ಅಲ್ಲಿ. ಆ ಓಟವನ್ನೇ ಪೆಡಲ್ ನಿಜ ಅಂತ ನಂಬಿಬಿಡುತ್ತದೆ, ಅವನು ಮಾತ್ರ ಮುಂದಿನ ಸಾಲಲ್ಲಿ ಸ್ವಲ್ಪ ಇಳಿದಿರುತ್ತಾನೆ. ಹಾಡಿನ ಮಧ್ಯೆ ಒತ್ತಿದರೂ ಕೆಲವು ಪೆಡಲ್‌ಗಳಲ್ಲಿ ಬಾಲದಲ್ಲಿ ಉಳಿದಿದ್ದ ಎಕೋ ಸ್ವರ ಬಿಟ್ಟು 'ವೀಂಯ್' ಅಂತ ಜಾರುತ್ತದೆ. ಈ ತರಹದ ವಾದನಕ್ಕೇ ಹೆಸರಾದ ಯು2 ಬ್ಯಾಂಡಿನ ಗಿಟಾರಿಸ್ಟ್ ಎಡ್ಜ್ ಶುರುವಿನಲ್ಲಿ ಬಳಸುತ್ತಿದ್ದ ಮೆಮೊರಿ ಮ್ಯಾನ್ ಪೆಡಲ್‌ಗೆ ಟ್ಯಾಪ್ ಬಟನ್ನೇ ಇರಲಿಲ್ಲ, ಗುಂಡಿ ತಿರುಗಿಸಿ ಕಿವಿಯಲ್ಲೇ ಹೊಂದಿಸಬೇಕಿತ್ತು. ಆಮೇಲೆ ಬಂದ ಕೋರ್ಗ್ ಎಸ್‌ಡಿಡಿ-3000 ಆದರೂ ಅಂಕಿ ತೋರಿಸುತ್ತಿತ್ತು.

ಇನ್ನೊಂದು ದಾರಿ, ನನ್ನ ಎಕೋವನ್ನು ಅವನ ಮಾನಿಟರ್ ಸ್ಪೀಕರ್‌ನಲ್ಲಿ ಜೋರಾಗಿ ಕೊಡುವುದು. ಅವನಿಗೆ ಅದು ಕೇಳಿಸಿದರೆ ಅದರ ಜೊತೆಗೇ ನಡೆಯುತ್ತಾನೆ, ಕೇಳಿಸದಿದ್ದರೆ ತನ್ನ ಪಾಡಿಗೆ ತಾನು. ಕೊಟ್ಟೆವು. "ಗಿಟಾರ್ ಜಾಸ್ತಿ ಆಯ್ತು, ಕಮ್ಮಿ ಮಾಡಿ" ಅಂದ. ಡ್ರಮ್ ಬಾರಿಸುವವರು ಬೇರೆಯವರ ಸದ್ದಿನ ಬಗ್ಗೆ ದೂರುವುದು!

ಸಿಟ್ಟು ಬರುವುದು ಅವನ ಮೇಲೆ ಮಾತ್ರ ಅಲ್ಲ. ಈ ಎಫೆಕ್ಟ್ ಸಿಕ್ಕ ಕೂಡಲೇ, ಎಕೋ ಎಷ್ಟು ಸಲ ಬರಬೇಕು ಅಂತ ಹೇಳುವ ಫೀಡ್‌ಬ್ಯಾಕ್ ಗುಂಡಿಯನ್ನು ಕೊನೇವರೆಗೂ ತಿರುಗಿಸುವ ಮಹನೀಯರಿದ್ದಾರಲ್ಲ, ಅವರದ್ದು ಇನ್ನೊಂದು ಕಥೆ. ಎರಡನೇ ಎಕೋ ಮತ್ತೆ ತ, ಧಿ ಮೇಲೇ ಬಂದು ಹೊಸ ಸ್ವರಕ್ಕೆ ಒರಗುತ್ತದೆ. ಕಾರ್ಡ್ ಬದಲಾದರೆ ಹಳೇ ಕಾರ್ಡಿನ ಸ್ವರ ಹೊಸದರೊಳಗೆ ನುಗ್ಗುತ್ತದೆ. ಐದಾರು ಎಕೋ ಇಟ್ಟರೆ ಲಯವೂ ಇಲ್ಲ, ಸ್ವರವೂ ಇಲ್ಲ, ಬರೀ ರಾಡಿ. ಮೊದಲನೇ ಎಕೋ ನುಡಿಸಿದ ಸ್ವರದಷ್ಟೇ ಗಟ್ಟಿ ಇರಬೇಕು, ಎರಡನೆಯದು ಸುಮ್ನೆ ಹಿಂದೆ, ಅಷ್ಟೇ. ತಂತಿಯನ್ನು ಅಂಗೈಯಲ್ಲಿ ಸ್ವಲ್ಪ ಒತ್ತಿ ಸ್ವರ ಮೊಟಕು ಮಾಡಿದರೆ ಎಕೋಗೆ ಜಾಗವೂ ಸಿಗುತ್ತದೆ. ಹೇಳಿದರೆ "ಆಂಬಿಯೆಂಟ್ ಫೀಲ್" ಅನ್ನುತ್ತಾರೆ.

ಕೊನೆಗೆ ಇದೊಂದು ಹಾಡಿಗೆ ಮಾತ್ರ ಕಿವಿಗೆ ಟಿಕ್ ಟಿಕ್ ಅಂತ ಬೀಟ್ ಹೇಳುವ ಕ್ಲಿಕ್ ಹಾಕಿಕೊಳ್ಳಲು ನಮ್ಮವನು ಒಪ್ಪಿದ. ಕ್ಲಿಕ್ 120, ಪೆಡಲ್ 375. ಹಾಡು ಮುಗಿದ ಮೇಲೆ ಇಯರ್‌ಫೋನ್ ತೆಗೆದು, "ಎಲ್ಲಾ ಸರಿ ಕಣೋ, ಈ ಕ್ಲಿಕ್ ಯಾಕೆ ಕೋರಸ್‌ನಲ್ಲಿ ನಿಧಾನ ಆಗುತ್ತೆ?" ಅಂತ ಕೇಳಿದ.