ಸರಾಸರಿ ರೇಟು ಹಾಕಿ ಅನ್ನುವವರಿಗೆ

ಇವತ್ತು ಬೆಳಿಗ್ಗೆ ಒಂದು ಕಂಪನಿಯ ಅಕೌಂಟ್ಸ್‌ನವರು ನನ್ನ ಇನ್‌ವಾಯ್ಸ್ ವಾಪಸ್ ಕಳಿಸಿದ್ದಾರೆ. "ಸರ್, ಒಂದೇ ಬಿಲ್ಲಲ್ಲಿ ಎರಡು ರೇಟು ಯಾಕೆ? ಸರಾಸರಿ ಹಾಕಿ ಒಂದೇ ಸಾಲು ಮಾಡಿಕೊಡಿ, ನಮಗೆ ಎಂಟ್ರಿ ಸುಲಭ." ಓದಿದಾಗಿನಿಂದ ತಲೆ ಕಾದಿದೆ.

ನಾನು ಮನೆಯಲ್ಲಿ ಕೂತು ವೆಬ್‌ಸೈಟ್ ಕೆಲಸ ಮಾಡುವುದು ನಿಮಗೆಲ್ಲ ಗೊತ್ತೇ ಇದೆ. ಕ್ಲೈಂಟ್‌ಗಳು ಹಲವರು, ರೇಟುಗಳೂ ಹಲವು. ಈ ಕಂಪನಿಯ ಜೊತೆಗಂತೂ ಶುರುವಿನಲ್ಲೇ ಬರೆದು ಒಪ್ಪಿಕೊಂಡಿದ್ದೇವೆ. ಹೊಸದಾಗಿ ಏನಾದರೂ ಕಟ್ಟಿಕೊಟ್ಟರೆ ಗಂಟೆಗೆ 1,200 ರೂಪಾಯಿ. ಇರುವ ಸೈಟಿನ ಸಣ್ಣಪುಟ್ಟ ರಿಪೇರಿ, ಫೋಟೋ ಬದಲಿಸುವುದು, ಅಪ್‌ಡೇಟ್ ಹಾಕುವುದು, ಇದಕ್ಕೆಲ್ಲ 600. ಕಡಿಮೆ ರೇಟು ಬೇಕು ಅಂತ ಕೇಳಿದ್ದು ಅವರೇ. ನಾನೂ ಒಪ್ಪಿದೆ, ಯಾಕಂದರೆ ಆ ಕೆಲಸಕ್ಕೆ ಅಷ್ಟು ತಲೆ ಓಡಿಸಬೇಕಿಲ್ಲ.

ಈಗ ಅವರು ಹೇಳುವ ಸರಾಸರಿ ಹಾಕಿ ನೋಡಿ. 600 ಮತ್ತು 1,200ರ ಸರಾಸರಿ 900. ಒಂದು ತಿಂಗಳು 10 ಗಂಟೆ ರಿಪೇರಿ, 5 ಗಂಟೆ ಹೊಸ ಕೆಲಸ ಆಯಿತು ಅನ್ನಿ. ನ್ಯಾಯವಾಗಿ ಆಗಬೇಕಾದ್ದು 6,000 ಮತ್ತು 6,000, ಒಟ್ಟು 12,000. ಸರಾಸರಿ ರೇಟಿನಲ್ಲಿ 15 ಗಂಟೆಗೆ 13,500. ಅಂದರೆ ಕಂಪನಿಗೆ 1,500 ರೂಪಾಯಿ ನಷ್ಟ. ಮುಂದಿನ ತಿಂಗಳು ಉಲ್ಟಾ ಆಗಿ 5 ಗಂಟೆ ರಿಪೇರಿ, 10 ಗಂಟೆ ಹೊಸ ಕೆಲಸ ಬಂದರೆ ನನಗೆ ಬರಬೇಕಾದ್ದು 15,000. ಸರಾಸರಿಯಲ್ಲಿ ಕೊಡುವುದು ಅದೇ 13,500. ಈಗ ನಷ್ಟ ನನ್ನದು. ಗಂಟೆ ಎರಡೂ ತಿಂಗಳು 15ಏ. ದಿನಸಿ ಅಂಗಡಿಯಲ್ಲಿ ಅಕ್ಕಿ, ಗೋಡಂಬಿ ಒಟ್ಟಿಗೆ ತೂಗಿ ನಡುವಿನ ಒಂದು ರೇಟು ಹಾಕಿ ಅಂತ ಯಾರಾದರೂ ಕೇಳುತ್ತಾರಾ?

"ಜಿಎಸ್‌ಟಿಗೆ ಒಂದೇ ಸಾಲು ಇರಬೇಕು" ಅಂತಲೂ ಕೆಲವರು ಹೇಳುತ್ತಾರೆ. ಹಾಗೇನೂ ಇಲ್ಲ. ಒಂದು ಇನ್‌ವಾಯ್ಸ್‌ನಲ್ಲಿ ಎಷ್ಟು ಸಾಲು ಬೇಕಾದರೂ ಇರಬಹುದು. ಎರಡು ಸಾಲಿಗೂ ತೆರಿಗೆ 18%ಏ ಆಗಿದ್ದರೆ ಮೊತ್ತ ಕೂಡಿ ಕೆಳಗೆ ಒಟ್ಟಿಗೆ ಹಾಕಿದರಾಯಿತು.

ಈ ತೊಂದರೆ ಅಕೌಂಟ್ಸ್‌ನವರಿಂದ ಮಾತ್ರ ಬರುವುದಲ್ಲ. ಬೇರೆ ಬೇರೆ ರೇಟನ್ನು ಒಂದೇ ಮಾಡಿಬಿಡುವ ಇದೇ ರೋಗ ನಮ್ಮದೇ ಎಕ್ಸೆಲ್ ಶೀಟ್‌ಗಳಲ್ಲೂ ಇರುತ್ತದೆ. ಡಿಸೈನ್ ಕೆಲಸ ಮಾಡುವ ಪರಿಚಯದ ಹುಡುಗಿಯೊಬ್ಬಳು ಮೊನ್ನೆ ತನ್ನ ಶೀಟ್ ತೋರಿಸಿದಳು. ಒಂದು ಕಡೆ ಕ್ಲೈಂಟ್ ಹೆಸರು, ಅದರ ಪಕ್ಕ ಅವರ ರೇಟು. ಇನ್ನೊಂದು ಕಡೆ ದಿನದಿನದ ಕೆಲಸ. ಪ್ರತಿ ಸಾಲೂ ಕ್ಲೈಂಟ್ ಹೆಸರು ನೋಡಿ ರೇಟನ್ನು ಆ ಪಟ್ಟಿಯಿಂದ ತಾನೇ ಎಳೆದುಕೊಳ್ಳುತ್ತದೆ. ನೋಡೋಕೆ ಚೆನ್ನಾಗಿದೆ, ಅಲ್ವಾ? ಒಬ್ಬ ಕ್ಲೈಂಟ್‌ಗೆ 800 ಇದ್ದ ರೇಟನ್ನು 1,000 ಮಾಡಿದಳು. ಬದಲಿಸಿದ್ದು ಶೀಟ್‌ನ ಒಂದೇ ಸೆಲ್. ಆದರೆ ಹಳೆಯ ಸಾಲುಗಳೆಲ್ಲ ಆ ಕ್ಷಣದಲ್ಲೇ ಹೊಸ ರೇಟಿಗೆ ತಿರುಗಿದವು. ಹಿಂದಿನ ತಿಂಗಳ 22 ಗಂಟೆಗೆ ಅವಳು ಕಳಿಸಿದ್ದ ಬಿಲ್ಲು 17,600. ಅವರು ಅಷ್ಟೂ ಕೊಟ್ಟಿದ್ದಾರೆ. ಶೀಟ್ ಮಾತ್ರ ಈಗ 22,000 ಅನ್ನುತ್ತಿದೆ, 4,400 ಬಾಕಿ ಅಂತ ಕೆಂಪು ಬಣ್ಣದಲ್ಲಿ ತೋರಿಸುತ್ತಿದೆ. ಅದನ್ನು ನಂಬಿ ಅವಳು ಬಾಕಿ ಕೇಳಿ ಮೇಲ್ ಹಾಕಿದ್ದಾಳೆ. ಸರಿಯಾಗಿ ದುಡ್ಡು ಕೊಡುತ್ತಿದ್ದ ಒಬ್ಬ ಒಳ್ಳೆಯ ಕ್ಲೈಂಟ್ ಮುನಿಸಿಕೊಂಡ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಇಂಥ ಟೆಂಪ್ಲೇಟನ್ನು "ಫ್ರೀಲಾನ್ಸರ್‌ಗಳಿಗಾಗಿ" ಅಂತ ಹಂಚುವವರ ಮೇಲೆ ಬಂತು.

ರೇಟು ಕ್ಲೈಂಟ್ ಹೆಸರಿಗೆ ಅಂಟಿಕೊಂಡಿರಬಾರದು. ಕೆಲಸ ಮಾಡಿದ ದಿನದ ಸಾಲಿನಲ್ಲೇ ಕೂತಿರಬೇಕು. ನನ್ನ ಶೀಟ್‌ನಲ್ಲಿ ಒಂದು ಸಾಲು ಅಂದರೆ ತಾರೀಕು, ಕ್ಲೈಂಟ್, ಏನು ಕೆಲಸ, ಎಷ್ಟು ನಿಮಿಷ, ಅವತ್ತಿನ ರೇಟು. ರೇಟನ್ನು ಸೂತ್ರದಿಂದ ತರಿಸುವುದಿಲ್ಲ, ಅಂಕಿಯಾಗಿಯೇ ಟೈಪ್ ಮಾಡುತ್ತೇನೆ. ಆಮೇಲೆ ಯಾರ ರೇಟು ಏನೇ ಆದರೂ ಆ ಸಾಲು ಅಲುಗಾಡುವುದಿಲ್ಲ. ನಿಮಿಷ D ಕಾಲಂನಲ್ಲಿ, ರೇಟು E ಕಾಲಂನಲ್ಲಿ ಇದ್ದರೆ ಮೊತ್ತಕ್ಕೆ ಇಷ್ಟು ಸಾಕು:

```
=D2/60*E2
```

ಗಂಟೆ ಬಿಟ್ಟು ನಿಮಿಷ ಯಾಕೆ ಅಂತ ಕೇಳಬಹುದು. ಒಂದೂವರೆ ಗಂಟೆಯನ್ನು ಜನ 1.30 ಅಂತ ಬರೆಯುತ್ತಾರೆ. ಗುಣಾಕಾರಕ್ಕೆ ಅದು 1.3 ಗಂಟೆ, ಅಂದರೆ 78 ನಿಮಿಷ. 800ರ ರೇಟಿನಲ್ಲಿ 1,200 ಬರಬೇಕಾದ ಕಡೆ 1,040 ಬರುತ್ತದೆ. ತಪ್ಪು ಸಣ್ಣದು, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ, ತಿಂಗಳುಗಟ್ಟಲೆ ಹಾಗೇ ನಡೆಯುತ್ತದೆ. 1:30 ಅಂತ ಹಾಕಿದರೆ ಇನ್ನೊಂದು ಕಥೆ. ಎಕ್ಸೆಲ್ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. ಒಂದೂವರೆ ಗಂಟೆ ಅದಕ್ಕೆ 0.0625 ದಿನ. ಅದನ್ನು 800ರಿಂದ ಗುಣಿಸಿದರೆ 50 ರೂಪಾಯಿ. ನಡುವೆ 24ರಿಂದಲೂ ಗುಣಿಸಬೇಕು. 50 ರೂಪಾಯಿ ಬಂದರೆ ಕೂಡಲೇ ಗೊತ್ತಾಗುತ್ತದೆ, 1,040 ಬಂದರೆ ಗೊತ್ತಾಗುವುದಿಲ್ಲ. ಅದಕ್ಕೇ ನನಗೆ 1.30 ಕಂಡರೆ ಭಯ. 90 ಅಂತ ಬರೆದುಬಿಟ್ಟರೆ ಎರಡೂ ರಗಳೆ ಇಲ್ಲ.

ತಿಂಗಳ ಕೊನೆಗೆ ಒಬ್ಬ ಕ್ಲೈಂಟ್‌ನ ಸಾಲುಗಳನ್ನು ರೇಟಿನ ಪ್ರಕಾರ ಬೇರೆ ಮಾಡಿ ಕೂಡುತ್ತೇನೆ. ಎಷ್ಟು ರೇಟು ಇದೆಯೋ ಇನ್‌ವಾಯ್ಸ್‌ನಲ್ಲಿ ಅಷ್ಟು ಸಾಲು. ಕೂಡಿದ ಸಾಲುಗಳ ಪಕ್ಕ ಇನ್‌ವಾಯ್ಸ್ ನಂಬರ್ ಬರೆಯುತ್ತೇನೆ. ನಂಬರ್ ಬಿದ್ದ ಸಾಲನ್ನು ಮತ್ತೆ ಮುಟ್ಟುವುದಿಲ್ಲ. ನಂಬರ್ ಇಲ್ಲದ ಸಾಲು ಅಂದರೆ ಇನ್ನೂ ಬಿಲ್ ಮಾಡಿಲ್ಲ ಅಂತ ಅರ್ಥ. ಒಂದೇ ಕೆಲಸಕ್ಕೆ ಎರಡು ಸಲ ಬಿಲ್ ಹೋಗುವ ಗಂಡಾಂತರ ಇದರಿಂದಲೇ ತಪ್ಪುತ್ತದೆ.

"ಇಷ್ಟೆಲ್ಲ ಯಾಕೆ, ಇಡೀ ಕೆಲಸಕ್ಕೆ ಒಂದು ಮೊತ್ತ ಮಾತಾಡಿಕೊಳ್ಳಿ" ಅಂತ ಬುದ್ಧಿ ಹೇಳುವ ಗೆಳೆಯರಿದ್ದಾರೆ. ಐದು ಪುಟದ ಸೈಟ್ ಕಟ್ಟಿಕೊಡಿ ಅಂದರೆ ಹಾಗೆ ಮಾಡಬಹುದು, ನಾನೂ ಮಾಡುತ್ತೇನೆ. ಆದರೆ ರಿಪೇರಿ ಕೆಲಸಕ್ಕೆ ತುದಿ ಎಲ್ಲಿದೆ? ಒಂದು ತಿಂಗಳು ಏನೂ ಇರುವುದಿಲ್ಲ, ಇನ್ನೊಂದು ತಿಂಗಳು ದಿನಾ ಫೋನು. ಒಂದೇ ಮೊತ್ತ ಅಂದ ಕೂಡಲೇ "ಇದೊಂದು ಸಣ್ಣ ಚೇಂಜ್" ಶುರುವಾಗುತ್ತದೆ. ಗಂಟೆ ಲೆಕ್ಕ ಇದ್ದರೆ ಕೇಳುವವರೂ ಯೋಚಿಸಿ ಕೇಳುತ್ತಾರೆ. ಇನ್ನು ಕೆಲಸದ ಗಂಟೆ ಲೆಕ್ಕ ಇಡುವ ಟಾಗಲ್, ಕ್ಲಾಕಿಫೈ ಥರದ ಆ್ಯಪ್ ಬಳಸಿ ಅನ್ನುವವರಿಗೆ: ಖಂಡಿತ ಬಳಸಿ. ಆದರೆ ಮೊದಲು ಸುಮ್ನೆ ಒಂದು ಪ್ರಯೋಗ ಮಾಡಿ. ಬೇಕಾದ ಹೆಸರಿನ ಕ್ಲೈಂಟ್ ಒಬ್ಬನನ್ನು ಹಾಕಿ, ಒಂದು ಗಂಟೆ ಬರೆದು, ಆಮೇಲೆ ರೇಟು ಬದಲಿಸಿ. ಹಳೆಯ ಗಂಟೆಯ ಮೊತ್ತವೂ ಬದಲಾಯಿತು ಅಂದರೆ, ರೇಟು ಯಾವ ದಿನದಿಂದ ಅನ್ನುವ ಆಯ್ಕೆ ಎಲ್ಲಿದೆ ಅಂತ ಹುಡುಕಿ. ಆ ಆಯ್ಕೆ ಇಲ್ಲದ ಆ್ಯಪ್ ನನಗೆ ಬೇಡ.

ರೇಟು ಏರಿಸುವಾಗ ಬರೆಯುವ ಮೇಲ್‌ನಲ್ಲೂ ಇದೇ ಎಚ್ಚರ ಬೇಕು. "ಜುಲೈ 1ರಿಂದ ಹೊಸ ರೇಟು" ಅಂತ ಬರೆದರೆ ಜಗಳಕ್ಕೆ ದಾರಿ. ಜೂನ್‌ನಲ್ಲಿ ಮಾಡಿದ ಕೆಲಸದ ಬಿಲ್ಲು ಜುಲೈ 3ಕ್ಕೆ ಹೋಗುತ್ತದೆ. ಅದಕ್ಕೆ ಯಾವ ರೇಟು? ನಾನು ಬರೆಯುವುದು ಹೀಗೆ: "ಜುಲೈ 1 ಮತ್ತು ಅದರ ನಂತರ ಮಾಡುವ ಕೆಲಸಕ್ಕೆ ಗಂಟೆಗೆ ಇಷ್ಟು. ಜೂನ್ 30ರವರೆಗೆ ಮಾಡಿದ ಕೆಲಸಕ್ಕೆ, ಬಿಲ್ಲು ಯಾವಾಗ ಕಳಿಸಿದರೂ, ಹಳೆಯ ರೇಟು." ಇದನ್ನು ಓದಿದವರು ಇದುವರೆಗೆ ತಕರಾರು ತೆಗೆದಿಲ್ಲ. ಬೇಕಾದವರು ಹಾಗೇ ಕಾಪಿ ಮಾಡಿಕೊಳ್ಳಿ.